ತೆರೆಸಿಕೊಳ್ಳುವ ಸಬ್ಜೆಕ್ಟ್ ಲೈನ್: ಅಪರಿಚಿತರಿಗೆ ಮೇಲ್ ಬರೆಯುವವರಿಗೆ ಏಳು ಸೂತ್ರಗಳು

ಬೆಳಿಗ್ಗೆ ಒಂಬತ್ತೂವರೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕ್ಯಾಬ್ ನಿಂತಿದೆ. ಹಿಂದಿನ ಸೀಟಿನಲ್ಲಿ ಕೂತ ಟೀಮ್ ಲೀಡ್ ಮೊಬೈಲ್ ತೆಗೆದು ಇನ್‌ಬಾಕ್ಸ್ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾರೆ. ಆಫೀಸಿನ ಮೇಲ್‌ಗಳು ಯಾವುವು ಎಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮಿಕ್ಕವುಗಳ ಗತಿ ಸಿಗ್ನಲ್ ಹಸಿರಾಗುವುದರೊಳಗೆ ತೀರ್ಮಾನವಾಗುತ್ತದೆ. ನಿಮ್ಮ ಮೇಲ್ ಆ ಮಿಕ್ಕವುಗಳಲ್ಲಿದೆ. ನಿಮ್ಮ ಮುಖ ಅವರು ನೋಡಿಲ್ಲ, ಹೆಸರು ಕೇಳಿಲ್ಲ. ನಿಮ್ಮ ಪರವಾಗಿ ಮಾತಾಡಲು ಅಲ್ಲಿರುವುದು ಒಂದು ಸಾಲು.

ಆ ಸಾಲನ್ನು ಬರೆಯಲು ಕಲಿಯಿರಿ. "ಅಷ್ಟು ದೊಡ್ಡವರು ನನ್ನ ಮೇಲ್ ಯಾಕೆ ಓದ್ತಾರೆ" ಎನ್ನುವ ಅನುಮಾನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಬರೀ ರೂಢಿ, ಬಿಡಿಸಿಕೊಳ್ಳಬಹುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತುಮಕೂರಿನ ಒಬ್ಬ ಹುಡುಗಿ, ಎಲೆಕ್ಟ್ರಾನಿಕ್ಸ್‌ನಲ್ಲಿ ಆರನೇ ಸೆಮಿಸ್ಟರ್. ಎಲೆಕ್ಟ್ರಿಕ್ ಸ್ಕೂಟರ್‌ಗೆ ಬ್ಯಾಟರಿ ಮಾಡುವ ಬೆಂಗಳೂರಿನ ಕಂಪನಿಯೊಂದರಲ್ಲಿ ಜೂನ್–ಜುಲೈ ಇಂಟರ್ನ್‌ಶಿಪ್ ಬೇಕು. ಅಲ್ಲಿನ ಫರ್ಮ್‌ವೇರ್ ಟೀಮ್ ಲೀಡ್ ಸೆಲ್ ಬ್ಯಾಲೆನ್ಸಿಂಗ್ ಬಗ್ಗೆ ಕೊಟ್ಟ ಟಾಕ್ ಒಂದನ್ನು ಯೂಟ್ಯೂಬ್‌ನಲ್ಲಿ ನೋಡಿದ್ದಾಳೆ. ಪರಿಚಯವಿಲ್ಲ, ಶಿಫಾರಸು ಮಾಡುವವರಿಲ್ಲ. ಅವಳ ಸಬ್ಜೆಕ್ಟ್ ಲೈನ್ ಮೂರು ಸಲ ಬದಲಾಗುತ್ತದೆ. ಅದು ಯಾಕೆ ಬದಲಾಯಿತು ಎಂಬುದನ್ನು ಗಮನಿಸುತ್ತಾ ಬನ್ನಿ.

1. ರಜಾ ಅರ್ಜಿಯ ಧಾಟಿ ಬಿಡಿ

ಅವಳ ಮೊದಲ ಸಾಲು ನಮ್ಮಲ್ಲಿ ಹತ್ತಕ್ಕೆ ಒಂಬತ್ತು ಜನ ಬರೆಯುವಂಥದ್ದೇ:

```
Regarding Internship Opportunity in your Esteemed Organization
```

ಇದು ಎಲ್ಲಿಂದ ಬಂತು ಗೊತ್ತೇ? ಹೈಸ್ಕೂಲಿನಿಂದ. "ವಿಷಯ: ಮೂರು ದಿನ ರಜೆ ಕೋರಿ" ಎಂದು ಬರೆದು, ಅಡಿಗೆರೆ ಹಾಕಿ, "ಮಾನ್ಯರೇ" ಎಂದು ಶುರು ಮಾಡಲು ನಮಗೆಲ್ಲ ಕಲಿಸಿದ್ದಾರೆ. ಆ ಪದ್ಧತಿಗೆ ಅದರದ್ದೇ ಕಾರಣ ಇದೆ. ಕಚೇರಿಯಲ್ಲಿ ಅರ್ಜಿಯನ್ನು ಓದಲೇಬೇಕು. ಗುಮಾಸ್ತರು ವಿಷಯ ನೋಡಿ ಯಾವ ಫೈಲಿಗೆ ಸೇರಿಸಬೇಕೆಂದು ನಿರ್ಧರಿಸುತ್ತಾರೆ. ಹಾಗಾಗಿ ಅಲ್ಲಿ ವಿಷಯ ಎಷ್ಟು ಸಾಮಾನ್ಯವಾಗಿದ್ದರೆ ಅಷ್ಟು ಅನುಕೂಲ.

ಇನ್‌ಬಾಕ್ಸ್‌ನಲ್ಲಿ ಓದಲೇಬೇಕೆಂಬ ಕಟ್ಟುಪಾಡಿಲ್ಲ. ಓದದೇ ಇರಲು ಕಾರಣ ಹುಡುಕುವ ಕಣ್ಣು ಅಲ್ಲಿದೆ, ಸಾಮಾನ್ಯ ಸಾಲು ಅದಕ್ಕೆ ಒಳ್ಳೆಯ ಕಾರಣವನ್ನೇ ಕೊಡುತ್ತದೆ. ಆದ್ದರಿಂದ ಮೊದಲು ಕತ್ತರಿ ಹಿಡಿಯಿರಿ. `Regarding` ತೆಗೆಯಿರಿ. `Esteemed` ತೆಗೆಯಿರಿ. `Opportunity` ತೆಗೆಯಿರಿ. `in your Organization` ತೆಗೆಯಿರಿ. `Kind attention`, `Request for`, `Application for the post of` ಇದ್ದರೆ ಅವನ್ನೂ ತೆಗೆಯಿರಿ. ಇಷ್ಟು ತೆಗೆದ ಮೇಲೆ ಉಳಿದದ್ದು `Internship` ಎಂಬ ಒಂದೇ ಶಬ್ದ. ಅಂದರೆ 62 ಅಕ್ಷರಗಳಲ್ಲಿ ಆ ಹುಡುಗಿ ಹೇಳಿದ್ದು ಅಷ್ಟೇ. ಗೌರವ ತೋರಿಸುವುದು ಬೇಡ ಎಂದಲ್ಲ, ಅದನ್ನು ಮೇಲ್‌ನ ಒಳಗೆ ತೋರಿಸಿ.

ಇದಕ್ಕೊಂದು ಅಪವಾದವಿದೆ. ಸರ್ಕಾರಿ ಇಲಾಖೆಗೆ, ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಬರೆಯುತ್ತಿದ್ದರೆ ಹಳೆಯ ಧಾಟಿಯೇ ಸರಿ. ಅಲ್ಲಿ ನಿಮ್ಮ ಮೇಲ್ ನಿಜಕ್ಕೂ ಫೈಲಿಗೇ ಹೋಗುತ್ತದೆ.

2. ಮೊದಲ 35 ಅಕ್ಷರಗಳಲ್ಲಿ ಮುಖ್ಯವಾದದ್ದು ಮುಗಿಸಿ

ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ತೆರೆದರೆ ಸಬ್ಜೆಕ್ಟ್‌ನ ಸುಮಾರು 60–70 ಇಂಗ್ಲಿಷ್ ಅಕ್ಷರ ಕಾಣುತ್ತದೆ. ಫೋನ್ ನೆಟ್ಟಗೆ ಹಿಡಿದರೆ ಅದು 30–40ಕ್ಕೆ ಇಳಿಯುತ್ತದೆ. ಫೋನಿನ ಅಗಲ, ಫಾಂಟ್ ಸೈಜ್ ನೋಡಿಕೊಂಡು ಹೆಚ್ಚುಕಡಿಮೆ ಆಗಬಹುದು. ಮೂವತ್ತೈದು ಎಂದು ಲೆಕ್ಕ ಇಟ್ಟುಕೊಳ್ಳಿ, ಮೋಸವಿಲ್ಲ.

ಈಗ ಆ ಹುಡುಗಿಯ ಮೊದಲ ಸಾಲನ್ನು 35ಕ್ಕೆ ಕತ್ತರಿಸಿ ನೋಡಿ:

```
Regarding Internship Opportunity in
```

ಬರೆದವರು ಯಾರು, ಏನು ಬಲ್ಲರು, ಇವರಿಗೇ ಯಾಕೆ ಬರೆದರು? ಒಂದಕ್ಕೂ ಉತ್ತರವಿಲ್ಲ. ಸಾಲು ಬರೆದ ಮೇಲೆ ಪ್ರತಿ ಸಲ ಹೀಗೆ ಕತ್ತರಿಸಿ ಓದಿ. ತುಂಡಾಗಿ ಉಳಿದದ್ದಕ್ಕೆ ಅರ್ಥವಿದ್ದರೆ ಸಾಲು ಗೆದ್ದಿತು. ಇಲ್ಲದಿದ್ದರೆ ಪದಗಳ ಜಾಗ ಬದಲಿಸಿ. ಬಹಳಷ್ಟು ಸಲ ಹೊಸ ಪದವೇನೂ ಬೇಕಾಗುವುದಿಲ್ಲ, ಕೊನೆಯಲ್ಲಿರುವುದನ್ನು ಮುಂದಕ್ಕೆ ತಂದರೆ ಸಾಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. ಪಡೆಯುವವರು ಕನ್ನಡದಲ್ಲೇ ಕೆಲಸ ಮಾಡುವವರಾದರೆ, ಉದಾಹರಣೆಗೆ ಪತ್ರಿಕೆಯ ಸಂಪಾದಕರು, ಪ್ರಕಾಶಕರು, ತಾಲ್ಲೂಕಿನ ರೈತ ಉತ್ಪಾದಕರ ಕಂಪನಿಯ ನಿರ್ದೇಶಕರು, ಸಬ್ಜೆಕ್ಟ್ ಕೂಡ ಕನ್ನಡದಲ್ಲೇ ಇರಲಿ. ಆದರೆ ಒತ್ತಕ್ಷರ, ದೀರ್ಘಗಳಿಂದ ನಮ್ಮ ಅಕ್ಷರಗಳು ಹೆಚ್ಚು ಅಗಲ, ಫೋನಿನಲ್ಲಿ ಕಡಿಮೆ ಹಿಡಿಯುತ್ತವೆ. ಐದಾರು ಪದಕ್ಕೆ ಮುಗಿಸಿ. "ತಮ್ಮ ಪತ್ರಿಕೆಯಲ್ಲಿ ಪ್ರಕಟಣೆಗಾಗಿ ಲೇಖನ ಕಳುಹಿಸುವ ಕುರಿತು" ಎನ್ನುವುದರ ಬದಲು "ತಿಪಟೂರು ಕೊಬ್ಬರಿ ಮಾರುಕಟ್ಟೆ: 900 ಪದದ ಲೇಖನ" ಎಂದು ಬರೆಯಿರಿ. ಸಂಪಾದಕರಿಗೆ ವಿಷಯ, ಊರು, ಎಷ್ಟು ಜಾಗ ಬೇಕು ಎನ್ನುವುದು ಮೇಲ್ ತೆರೆಯುವ ಮೊದಲೇ ಸಿಕ್ಕಿತು.

3. ಬೇರೆ ಯಾರಿಗೂ ಕಳಿಸಲಾಗದ ಸಾಲು ಬರೆಯಿರಿ

ಏಳು ಸೂತ್ರಗಳಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೊದಲ ಸ್ಪ್ಯಾಮ್ ಎಂದು ಈಗ ಎಲ್ಲರೂ ಗುರುತಿಸುವ ಮೇಲ್ ಹೋದದ್ದು 1978ರ ಮೇ 3ರಂದು. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪ್ಯೂಟರ್ ಕಂಪನಿಯ ಗ್ಯಾರಿ ಥುರ್ಕ್ ಎಂಬ ಮಾರ್ಕೆಟಿಂಗ್ ಅಧಿಕಾರಿ, ಆಗಿನ ಆರ್ಪಾನೆಟ್ ಜಾಲದ ಸುಮಾರು 400 ಜನರಿಗೆ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಒಂದೇ ಸಂದೇಶ ಕಳಿಸಿದರು. ವಿಳಾಸಗಳು ಎಷ್ಟಿದ್ದವೆಂದರೆ ಅವಕ್ಕೆ ಮೀಸಲಾದ ಜಾಗ ತುಂಬಿ, ಉಳಿದವು ಪತ್ರದ ಒಡಲಿಗೇ ಹರಿದು ಬಂದವು. ಅದರಲ್ಲಿ ಲಾಟರಿ ಇರಲಿಲ್ಲ, ಸುಳ್ಳೂ ಇರಲಿಲ್ಲ. ಕಂಪನಿ ನಿಜ, ಕಂಪ್ಯೂಟರ್ ನಿಜ, ಪ್ರದರ್ಶನವೂ ನಿಜ. ಆದರೂ ಜನ ಸಿಟ್ಟಾದರು, ಏಕೆಂದರೆ ಅದು ಯಾರಿಗೂ ಬರೆದದ್ದಾಗಿರಲಿಲ್ಲ, ಎಲ್ಲರಿಗೂ ಎಸೆದದ್ದಾಗಿತ್ತು.

ಇವತ್ತಿಗೂ ಓದುವವರ ಮೂಗಿಗೆ ಬಡಿಯುವುದು ಆ ವಾಸನೆಯೇ. ಹಾಗಾಗಿ ಸಾಲು ಬರೆದ ಮೇಲೆ ಒಂದೇ ಪ್ರಶ್ನೆ ಕೇಳಿ: ಇದನ್ನು ಒಂದಕ್ಷರ ಬದಲಿಸದೆ ಇನ್ನೂ ನೂರು ಜನಕ್ಕೆ ಕಳಿಸಬಹುದೇ? ಕಳಿಸಬಹುದು ಎಂದಾದರೆ ಅಳಿಸಿ. ಪಡೆಯುವವರ ಹೆಸರನ್ನು ಸಬ್ಜೆಕ್ಟ್‌ಗೆ ತುರುಕಿದರೆ ಈ ಪರೀಕ್ಷೆ ಪಾಸಾಗುವುದಿಲ್ಲ. ಹೆಸರನ್ನು ಎಕ್ಸೆಲ್ ಹಾಳೆಯಿಂದ ತಾನೇ ತುಂಬುವ ಸಾಫ್ಟ್‌ವೇರ್ ಎಲ್ಲ ಸೇಲ್ಸ್ ಆಫೀಸುಗಳಲ್ಲೂ ಇದೆ, ಓದುವವರಿಗೂ ಅದು ಗೊತ್ತಿದೆ.

ತುಮಕೂರಿನ ಹುಡುಗಿಗೆ ಮರಳೋಣ. "ನನ್ನ ಹತ್ತಿರ ಹೇಳಿಕೊಳ್ಳುವಂಥದ್ದು ಏನಿದೆ" ಎಂದು ಅವಳೂ ಅಂದುಕೊಂಡಿದ್ದಳು. ಇತ್ತು. ಟಾಕ್ ನೋಡಿದ ಮೇಲೆ ಅವಳು ನಾಲ್ಕು ಲಿಥಿಯಂ ಸೆಲ್ ಜೋಡಿಸಿ, ಒಂದು ಎಸ್‌ಟಿಎಂ32 ಬೋರ್ಡ್ ಹಾಕಿ, ಚಿಕ್ಕ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಮಾಡಿದ್ದಳು. ಹೆಚ್ಚು ಚಾರ್ಜ್ ಆದ ಸೆಲ್‌ನ ಕರೆಂಟನ್ನು ರೆಸಿಸ್ಟರ್ ಮೂಲಕ ಸೋರಿಸಿ ಎಲ್ಲ ಸೆಲ್‌ಗಳನ್ನೂ ಒಂದೇ ಮಟ್ಟಕ್ಕೆ ತರುವುದು ಅದರ ಕೆಲಸ. ಅದರಲ್ಲೊಂದು ವಿಚಿತ್ರ ಕಂಡಿತ್ತು. ಬ್ಯಾಲೆನ್ಸಿಂಗ್ ಶುರುವಾದ ಕೂಡಲೇ ಮೂರನೇ ಸೆಲ್‌ನ ರೀಡಿಂಗ್ 40 ಮಿಲಿವೋಲ್ಟ್ ಕೆಳಗೆ ಬೀಳುತ್ತದೆ, ನಿಲ್ಲಿಸಿದರೆ ಮತ್ತೆ ಸರಿಹೋಗುತ್ತದೆ.

ಅವಳಿಗೆ ಇದು ಸೋಲಿನಂತೆ ಕಂಡಿತ್ತು, ಮುಚ್ಚಿಡಬೇಕೆನಿಸಿತ್ತು. ಆದರೆ ಈ ಕ್ಷೇತ್ರದಲ್ಲಿ ಕೈ ಕೆಸರು ಮಾಡಿಕೊಂಡವರಿಗೆ ಆ ಸಂಖ್ಯೆ ನೋಡಿದ ಕೂಡಲೇ ತಲೆ ಓಡಲು ಶುರುವಾಗುತ್ತದೆ. ಸೋರಿಸುವ ಕರೆಂಟ್ ಹರಿಯುವ ವೈರ್ ಮತ್ತು ವೋಲ್ಟೇಜ್ ಅಳೆಯುವ ವೈರ್ ಎರಡೂ ಒಂದೇ ಇರಬೇಕು. ಕರೆಂಟ್ 100 ಮಿಲಿ ಆಂಪಿಯರ್, ವೈರ್ ಮತ್ತು ಕನೆಕ್ಟರ್ ಸೇರಿ 0.4 ಓಮ್ ಎಂದಿಟ್ಟುಕೊಳ್ಳಿ. ಗುಣಿಸಿದರೆ ಸರಿಯಾಗಿ 40 ಮಿಲಿವೋಲ್ಟ್. ಅಂದರೆ ಸೆಲ್ ಚೆನ್ನಾಗಿಯೇ ಇದೆ, ಅಳೆಯುವ ಹೊತ್ತು ತಪ್ಪಾಗಿದೆ. ಬ್ಯಾಲೆನ್ಸಿಂಗ್ ಒಂದು ಕ್ಷಣ ನಿಲ್ಲಿಸಿ ಅಳೆದರೆ ಆಯಿತು.

ಇದೆಲ್ಲ ಟೀಮ್ ಲೀಡ್ ತಲೆಯಲ್ಲಿ ಸಿಗ್ನಲ್ ಬಿಡುವುದರೊಳಗೆ ಹಾದುಹೋಗುತ್ತದೆ. ಹಾಗಾದರೆ ಸಬ್ಜೆಕ್ಟ್‌ಗೆ ಬೇಕಾದದ್ದು ಆ ಸಂಖ್ಯೆ. ಅದನ್ನು ಬ್ಯಾಂಕ್ ಮ್ಯಾನೇಜರ್‌ಗೆ ಕಳಿಸಲಾಗದು, ವೆಬ್‌ಸೈಟ್ ಮಾಡುವ ಕಂಪನಿಗೆ ಕಳಿಸಲಾಗದು, ಅದೇ ಬ್ಯಾಟರಿ ಕಂಪನಿಯ ಎಚ್‌ಆರ್‌ಗೂ ಕಳಿಸಲಾಗದು. ಅದು ಹೋಗಬಹುದಾದ ವಿಳಾಸಗಳು ಬೆರಳೆಣಿಕೆಯಷ್ಟು.

ನಿಮ್ಮ ಹತ್ತಿರ ಇಂಥ ಸಂಖ್ಯೆ ಇಲ್ಲವೇ? ತಯಾರು ಮಾಡಿಕೊಳ್ಳಿ. ಯಾರಿಗೆ ಬರೆಯುತ್ತೀರೋ ಅವರ ಕೆಲಸದ ಮೇಲೆ ಒಂದು ಸಂಜೆ ಕೂರಿ. ಅವರ ಆ್ಯಪ್ ಬಳಸಿ, ಕನ್ನಡ ಫಾಂಟ್ ಎಲ್ಲಿ ಒಡೆಯುತ್ತದೆ ನೋಡಿ. ಅವರ ಪೇಪರ್ ಓದಿ, ಒಂದು ಗ್ರಾಫ್ ಮತ್ತೆ ಹಾಕಿ ನೋಡಿ. ಸಿಎ ಇಂಟರ್ ಮುಗಿಸಿ ದಾವಣಗೆರೆಯಲ್ಲಿ ಆರ್ಟಿಕಲ್‌ಶಿಪ್ ಹುಡುಕುವ ಹುಡುಗ `Request for Articleship` ಎಂದು ಬರೆದರೆ ಆಡಿಟರ್‌ಗೆ ಅದು ಆ ವಾರದ ಇನ್ನೊಂದು ಅರ್ಜಿ. ಅವನೇ ಹೀಗೆ ಬರೆದರೆ?

```
Articleship: GSTR-2B matching sheet in Excel
```

ಖರೀದಿ ಪುಸ್ತಕವನ್ನು ಜಿಎಸ್‌ಟಿಆರ್-2ಬಿ ಜೊತೆ ತಾಳೆ ನೋಡುವುದು ಪ್ರತಿ ತಿಂಗಳೂ ಆಡಿಟರ್ ಕಚೇರಿಯ ತಲೆನೋವು. ಆ ತಲೆನೋವಿನ ಹೆಸರು ಹೇಳಿದವನ ಮೇಲ್ ತೆರೆದುಕೊಳ್ಳುತ್ತದೆ. ಶೀಟ್ ಮಾತ್ರ ನಿಜವಾಗಿ ಇರಬೇಕು.

4. ಆಮಿಷ ಒಡ್ಡಬೇಡಿ, ಕೇಳಬೇಕಾದ್ದನ್ನು ಸಾಲಿನಲ್ಲೇ ಕೇಳಿ

ಎರಡನೇ ಸಲ ಅವಳು ಬರೆದದ್ದು ಮಾರ್ಕೆಟಿಂಗ್ ವಿಡಿಯೊ ಒಂದರಿಂದ ಕಲಿತ ಸಾಲು: `Quick question`. ಕೇವಲ 14 ಅಕ್ಷರ, ಫೋನಿನಲ್ಲಿ ಪೂರ್ತಿ ಕಾಣುತ್ತದೆ. ಆದರೆ ಮೂರನೇ ಸೂತ್ರದ ಪರೀಕ್ಷೆಯಲ್ಲಿ ನೇರ ಫೇಲ್, ಯಾರು ಯಾರಿಗೆ ಬೇಕಾದರೂ ಕಳಿಸಬಹುದು. ಜೊತೆಗೆ ಅದು ಸುಳ್ಳು. ಎರಡು ತಿಂಗಳು ನಿಮ್ಮ ಲ್ಯಾಬಿನಲ್ಲಿ ಜಾಗ ಕೊಡಿ ಎನ್ನುವುದು ಚಿಕ್ಕ ಪ್ರಶ್ನೆಯಲ್ಲ.

ಮೂರನೇ ಸಲ ಬರೆದದ್ದು ಹೀಗೆ:

```
Cell 3 reads 40 mV low while balancing
```

ಇದು ಖಂಡಿತ ತೆರೆದುಕೊಳ್ಳುತ್ತದೆ. ಆದರೂ ಕಳಿಸಬೇಡಿ ಎನ್ನುತ್ತೇನೆ. ಟೀಮ್ ಲೀಡ್ ಇದನ್ನು ಕಂಡು, ತಮ್ಮ ಬ್ಯಾಟರಿಯಲ್ಲೇ ಏನೋ ದೋಷ ಬಂತೆಂದು, ಗ್ರಾಹಕರ ದೂರು ಎಂದುಕೊಂಡು ಗಾಬರಿಯಿಂದ ತೆರೆಯುತ್ತಾರೆ. ಒಳಗೆ ನೋಡಿದರೆ ಇಂಟರ್ನ್‌ಶಿಪ್ ಕೋರಿಕೆ. ನಿಮ್ಮ ಕೆಲಸ ಎಷ್ಟೇ ಚೆನ್ನಾಗಿರಲಿ, ಮೊದಲ ಹತ್ತು ಸೆಕೆಂಡಿನಲ್ಲಿ ಅವರಿಗೆ ಮೋಸ ಹೋದ ಭಾವನೆ ಬಂತು. ತೆರೆಯುವಂತೆ ಮಾಡಿದಿರಿ, ಉತ್ತರ ಬರೆಯುವ ಮನಸ್ಸು ಕೆಡಿಸಿದಿರಿ.

ನಾಲ್ಕನೆಯದು, ಕಳಿಸಬಹುದಾದದ್ದು:

```
Intern query: 40 mV BMS balancing error
```

ಎಣಿಸಿ ನೋಡಿ, 39 ಅಕ್ಷರ. ಮೂವತ್ತೈದಕ್ಕೆ ಕತ್ತರಿಸಿದರೂ `balancing` ತನಕ ಪೂರ್ತಿ ಉಳಿಯುತ್ತದೆ. ಏನು ಬೇಕು ಎನ್ನುವುದು ಮೊದಲ ಎರಡು ಪದದಲ್ಲಿದೆ. ಯಾಕೆ ಇವರಿಗೇ ಎನ್ನುವುದು ಉಳಿದ ಪದಗಳಲ್ಲಿದೆ. ಇಂಟರ್ನ್ ಬೇಡವೇ ಬೇಡ ಎನ್ನುವವರು ತೆರೆಯದೇ ಬಿಡುತ್ತಾರೆ, ಬಿಡಲಿ. ಅವರು ಹೇಗೂ ಕೊಡುವವರಲ್ಲ. ಬೇಕು ಎನ್ನುವವರಿಗೆ ಬೇರೆ ಅರ್ಜಿಗಳಲ್ಲಿ ಕಾಣದ ಒಂದು ಸಂಖ್ಯೆ ಇಲ್ಲಿ ಕಾಣುತ್ತದೆ.

ಇನ್ನೊಂದು ಆಮಿಷವಂತೂ ಮಹಾ ಕೆಟ್ಟದ್ದು: ಯಾವ ಮಾತುಕತೆಯೂ ನಡೆಯದಿದ್ದರೂ ಮುಂದೆ `Re:` ಅಥವಾ `Fwd:` ಎಂದು ತಾವೇ ಟೈಪ್ ಮಾಡುವುದು. ಹಳೆಯ ಪರಿಚಯ ಎಂದು ನಂಬಿಸುವ ಈ ಉಪಾಯವನ್ನು ಸೇಲ್ಸ್‌ನಲ್ಲಿರುವ ಕೆಲವರು ಇನ್ನೂ ಜಾಣತನ ಎಂದುಕೊಂಡಿದ್ದಾರೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಗ್ರಾಹಕರಿಗೆ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸಿ. ಅಲ್ಲಿನ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆ ವ್ಯಾಪಾರಿ ಮೇಲ್‌ಗಳಲ್ಲಿ ದಾರಿ ತಪ್ಪಿಸುವ ಸಬ್ಜೆಕ್ಟ್ ಲೈನನ್ನು ನಿಷೇಧಿಸಿದೆ. ಒಂದೇ ಒಂದು ಮೇಲ್ ಆದರೂ ಅದು ಅನ್ವಯಿಸುತ್ತದೆ, ಸಾವಿರ ಕಳಿಸಿರಬೇಕೆಂದಿಲ್ಲ.

5. ನಿಷೇಧಿತ ಪದಗಳ ಪಟ್ಟಿಗೆ ಹೆದರಬೇಡಿ, ಒಬ್ಬೊಬ್ಬರಿಗೇ ಕಳಿಸಿ

"ಫ್ರೀ ಎಂದು ಬರೆದರೆ ಸ್ಪ್ಯಾಮ್‌ಗೆ ಹೋಗುತ್ತೆ, ಆಫರ್ ಎಂದರೆ ಹೋಗುತ್ತೆ" ಎಂಬ ಪಟ್ಟಿಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಅವನ್ನು ಬಾಯಿಪಾಠ ಮಾಡಬೇಡಿ. ಒಂದು ಪದ ಕಂಡ ಕೂಡಲೇ ಮೇಲ್ ತಳ್ಳುವ ಫಿಲ್ಟರ್‌ಗಳ ಕಾಲ ಹೋಗಿ ಬಹಳ ದಿನವಾಯಿತು. ಪಾಲ್ ಗ್ರಹಾಂ ಎಂಬ ಪ್ರೋಗ್ರಾಮರ್ 2002ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದು ಬೇರೆ ದಾರಿಯನ್ನು ಜನಪ್ರಿಯಗೊಳಿಸಿತು. ಮೇಲ್‌ನ ಎಲ್ಲ ಪದಗಳನ್ನೂ ತೂಗಿ, ಇದು ಸ್ಪ್ಯಾಮ್ ಆಗಿರುವ ಸಂಭವ ಎಷ್ಟು ಎಂದು ಲೆಕ್ಕ ಹಾಕುವ ದಾರಿ ಅದು. ಸ್ಪ್ಯಾಮ್‌ನಲ್ಲಿ ಹೆಚ್ಚು ಬರುವ ಪದ ತಕ್ಕಡಿಯ ಒಂದು ಕಡೆ, ಮಾಮೂಲಿ ಮೇಲ್‌ನಲ್ಲಿ ಬರುವ ಪದ ಇನ್ನೊಂದು ಕಡೆ. `BMS`, `mV` ಇರುವ ಮೇಲ್‌ನಲ್ಲಿ ಒಂದು `free` ಇದ್ದರೆ ಆಕಾಶ ಬೀಳುವುದಿಲ್ಲ.

ಈಗಿನ ಫಿಲ್ಟರ್‌ಗಳು ಇದಕ್ಕೂ ಮುಂದೆ ಹೋಗಿ, ಕಳಿಸಿದವರು ಯಾರು, ಅವರ ಹಿಂದಿನ ಮೇಲ್‌ಗಳಿಗೆ ಜನ ಏನು ಮಾಡಿದರು ಎಂಬುದನ್ನು ನೋಡುತ್ತವೆ. ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಅರವತ್ತು ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ ಒಂದೇ ಸಲ ಕಳಿಸಬೇಡಿ. ದಿನಕ್ಕೆ ಮೂರು ಜನಕ್ಕೆ ಬರೆಯಿರಿ, ಮೂರೂ ಬೇರೆ ಬೇರೆ ಇರಲಿ. ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆಯಬೇಡಿ. ಮೂರು ಆಶ್ಚರ್ಯಸೂಚಕ, ರಾಕೆಟ್ ಎಮೋಜಿ, `URGENT` ಯಾವುದೂ ಬೇಡ. ಫಿಲ್ಟರ್ ಬಿಟ್ಟರೂ ಮನುಷ್ಯರು ಬಿಡುವುದಿಲ್ಲ.

ಕಾಲೇಜು ಅಥವಾ ಕಂಪನಿಯ ವಿಳಾಸದಿಂದ ಕಳಿಸುತ್ತಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಜಿಮೇಲ್ ಖಾತೆಗೆ ಒಂದು ಮೇಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ `Show original` ಒತ್ತಿ. ಮೇಲ್ಭಾಗದಲ್ಲಿ `SPF`, `DKIM`, `DMARC` ಎಂಬ ಸಾಲುಗಳ ಎದುರು `PASS` ಎಂದಿರಬೇಕು. ಮೇಲ್ ನಿಜಕ್ಕೂ ಆ ವಿಳಾಸದಿಂದಲೇ ಹೊರಟಿದೆ ಎನ್ನುವುದಕ್ಕೆ ಅವು ಗುರುತಿನ ಚೀಟಿಗಳು. `FAIL` ಎಂದಿದ್ದರೆ ಎಂಥ ಸಬ್ಜೆಕ್ಟ್ ಲೈನ್ ಬರೆದರೂ ಪ್ರಯೋಜನ ಕಡಿಮೆ. ಕಾಲೇಜಿನ ಸಿಸ್ಟಮ್ ಅಡ್ಮಿನ್‌ಗೆ ಹೇಳಿ, ಸರಿಯಾಗುವ ತನಕ ಸ್ವಂತ ಜಿಮೇಲ್ ಬಳಸಿ.

ಸೇಲ್ಸ್‌ನವರಿಗೆ ಇಲ್ಲಿ ಇನ್ನೂ ಹೆಚ್ಚಿನ ಜವಾಬ್ದಾರಿ ಇದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್‌ಗಳನ್ನು ಜಿಮೇಲ್ ಖಾತೆಗಳಿಗೆ ಕಳಿಸುವವರು ಆ ಮೂರೂ ಗುರುತು ಇಟ್ಟುಕೊಳ್ಳಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3ನ್ನು ಮುಟ್ಟಬಾರದು ಎಂದು ಗೂಗಲ್ 2024ರ ಫೆಬ್ರವರಿಯಿಂದ ನಿಯಮ ಮಾಡಿದೆ. ಸಾವಿರಕ್ಕೆ ಮೂರು ಜನ ಸಿಟ್ಟಾದರೆ ಸಾಕು. ನೀವು ಕಳಿಸುವ ಅಪರಿಚಿತ ಮೇಲ್‌ಗಳು ಮತ್ತು ಕಂಪನಿಯ ಇನ್‌ವಾಯ್ಸ್‌ಗಳು ಒಂದೇ ಡೊಮೇನ್‌ನಿಂದ ಹೋಗುತ್ತಿದ್ದರೆ, ನಿಮ್ಮ ಸಬ್ಜೆಕ್ಟ್ ಲೈನ್ ಮೇಲಿನ ಸಿಟ್ಟಿಗೆ ಅಕೌಂಟ್ಸ್ ವಿಭಾಗದ ಮೇಲ್‌ಗಳೂ ಸ್ಪ್ಯಾಮ್ ಸೇರಬಹುದು.

6. ಸಾಲಿನ ಅಕ್ಕಪಕ್ಕ ನೋಡಿಕೊಳ್ಳಿ

ಇನ್‌ಬಾಕ್ಸ್‌ನಲ್ಲಿ ಸಬ್ಜೆಕ್ಟ್ ಒಂಟಿಯಾಗಿ ಕಾಣುವುದಿಲ್ಲ. ಅದರ ಮೇಲೆ ಕಳಿಸಿದವರ ಹೆಸರು, ಕೆಳಗೆ ಮೇಲ್‌ನ ಮೊದಲ ಕೆಲವು ಪದಗಳು ಇರುತ್ತವೆ. ಮೂರನ್ನೂ ಒಟ್ಟಿಗೆ ಓದಲಾಗುತ್ತದೆ.

ಹೆಸರಿನಿಂದ ಶುರು ಮಾಡಿ. ಪಿಯುಸಿಯಲ್ಲಿ ಗೆಳೆಯರು ಇಟ್ಟ ಅಡ್ಡಹೆಸರು, ಹುಟ್ಟಿದ ವರ್ಷ, ನೆಚ್ಚಿನ ನಟನ ಬಿರುದು ಸೇರಿದ ಖಾತೆ ಇದ್ದರೆ ಇವತ್ತೇ ಹೊಸದು ತೆರೆಯಿರಿ. ಕೆಲವು ಕಾಲೇಜು ಖಾತೆಗಳಲ್ಲಿ ಹೆಸರಿನ ಜಾಗದಲ್ಲಿ ಯುಎಸ್‌ಎನ್ ಕಾಣುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ `Send mail as` ಎಂಬಲ್ಲಿ ಬದಲಿಸಲು ನೋಡಿ, ಆಗದಿದ್ದರೆ ಬೇರೆ ಖಾತೆ ಬಳಸಿ. ಕೋಡ್ ನಂಬರ್‌ನಿಂದ ಬಂದ ಮೇಲ್ ಯಂತ್ರ ಕಳಿಸಿದಂತೆ ಕಾಣುತ್ತದೆ.

ಮೊದಲ ವಾಕ್ಯವನ್ನು ಸಬ್ಜೆಕ್ಟ್‌ನ ಎರಡನೇ ಭಾಗ ಎಂದು ತಿಳಿದು ಬರೆಯಿರಿ. `I hope this mail finds you well` ಎಂದು ಶುರು ಮಾಡಿದರೆ ಆ ಬೆಲೆಬಾಳುವ ಜಾಗ ವ್ಯರ್ಥ. ನಮ್ಮ ಹುಡುಗಿ `Sir,` ಎಂದು ಬರೆದ ಕೂಡಲೇ ವಿಷಯಕ್ಕೆ ಬಂದಳು:

```
Sir, built this after your talk. 6th sem, Tumakuru.
```

ಸಬ್ಜೆಕ್ಟ್‌ನಲ್ಲಿ ಹಿಡಿಯದೆ ಉಳಿದದ್ದನ್ನು ಇದು ತುಂಬಿತು. ಟಾಕ್ ನೋಡಿದ್ದಾಳೆ, ನೋಡಿ ಸುಮ್ಮನಾಗದೆ ಮಾಡಿ ನೋಡಿದ್ದಾಳೆ, ಇನ್ನೂ ಓದುತ್ತಿದ್ದಾಳೆ, ದೂರದ ಊರೇನಲ್ಲ. ಮೇಲ್ ತೆರೆಯುವ ಮೊದಲೇ ಅರ್ಧ ಪರಿಚಯ ಮುಗಿಯಿತು.

ಕಳಿಸುವ ಮುನ್ನ ಗೆಳೆಯರೊಬ್ಬರ ಫೋನಿಗೆ ಕಳಿಸಿ, ಅವರ ಇನ್‌ಬಾಕ್ಸ್‌ನಲ್ಲಿ ಅದು ಹೇಗೆ ಕಾಣುತ್ತದೆ ನೋಡಿ. ತೆರೆಯದೆ, ಹೊರಗಿನಿಂದಲೇ ನೋಡಿ.

7. ಒಂದೇ ಒಂದು ಸಲ ನೆನಪಿಸಿ, ಸಬ್ಜೆಕ್ಟ್ ಬದಲಿಸದೆ

ವಾರವಾದರೂ ಉತ್ತರ ಬರಲಿಲ್ಲ ಎಂದುಕೊಳ್ಳಿ. ಹೊಸ ಸಬ್ಜೆಕ್ಟ್ ಹಾಕಿ ಹೊಸ ಮೇಲ್ ಬರೆಯಬೇಡಿ. ಜಿಮೇಲ್‌ನಲ್ಲಿ ಸಬ್ಜೆಕ್ಟ್ ಬದಲಾದರೆ ಅದು ಬೇರೆ ಸಂಭಾಷಣೆ, ಹಳೆಯದರ ಸಂಬಂಧ ಕಡಿದುಹೋಗುತ್ತದೆ. ಸೆಂಟ್ ಫೋಲ್ಡರ್‌ನಲ್ಲಿರುವ ನಿಮ್ಮದೇ ಮೇಲ್ ತೆರೆದು ರಿಪ್ಲೈ ಒತ್ತಿ. ಈಗ ತಾನಾಗಿಯೇ ಬರುವ `Re:` ನ್ಯಾಯವಾದದ್ದು, ಮೊದಲ ಮೇಲ್ ಕೆಳಗೇ ಅಂಟಿಕೊಂಡು ಹೋಗುತ್ತದೆ.

`Gentle reminder` ಎಂದು ಮಾತ್ರ ಬರೆದು ಕಳಿಸಬೇಡಿ. ಕಚೇರಿಗಳಲ್ಲಿ ಸವೆದುಹೋದ ಮಾತದು, ಅಪರಿಚಿತರಿಗೆ ಅದನ್ನು ಬರೆದರೆ ಅವರು ನಿಮಗೆ ಏನೋ ಬಾಕಿ ಉಳಿಸಿಕೊಂಡಂತೆ ಕೇಳುತ್ತದೆ. ಹೊಸದೇನಾದರೂ ಸೇರಿಸಿ. ನಮ್ಮ ಹುಡುಗಿ ಬ್ಯಾಲೆನ್ಸಿಂಗ್ ನಿಲ್ಲಿಸಿ ಅಳೆದು ನೋಡಿದಳು ಎನ್ನಿ, 40 ಮಿಲಿವೋಲ್ಟ್ ಮಾಯವಾಯಿತು ಎನ್ನಿ. ಎರಡನೇ ಮೇಲ್‌ಗೆ ಅದೇ ಒಂದು ಸಾಲು ಸಾಕು. ಉತ್ತರ ತಾನೇ ಕಂಡುಕೊಂಡ ವಿದ್ಯಾರ್ಥಿ ಯಾವ ಟೀಮ್ ಲೀಡ್‌ಗೂ ಬೇಕು.

ಮೇಲ್ ತೆರೆದರೋ ಇಲ್ಲವೋ ಎಂದು ಪತ್ತೆ ಹಚ್ಚುವ ಟ್ರ್ಯಾಕರ್‌ಗಳನ್ನು ಹಾಕಬೇಡಿ. ಅವು ಮೇಲ್‌ನೊಳಗೆ ಕಣ್ಣಿಗೆ ಕಾಣದ ಚಿತ್ರವೊಂದನ್ನು ಅಡಗಿಸಿಟ್ಟು, ಅದು ಲೋಡ್ ಆದರೆ ತೆರೆದರು ಎಂದು ಎಣಿಸುತ್ತವೆ. ಆದರೆ 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ಗೆ ಒಂದು ಗೋಪ್ಯತೆಯ ಸೌಲಭ್ಯ ತಂದಿತು. ಅದನ್ನು ಆನ್ ಮಾಡಿಕೊಂಡವರ ಫೋನಿನಲ್ಲಿ, ಅವರು ತೆರೆಯಲಿ ಬಿಡಲಿ, ಚಿತ್ರಗಳು ಮೊದಲೇ ಲೋಡ್ ಆಗಿಬಿಡುತ್ತವೆ. ಅಂದಮೇಲೆ "ತೆರೆದಿದ್ದಾರೆ, ಆದರೂ ಉತ್ತರ ಕೊಡಲಿಲ್ಲ" ಎಂದು ಕೊರಗುವುದಕ್ಕೆ ಆಧಾರವೇ ಇಲ್ಲ. ಎಣಿಸುವುದಾದರೆ ಬಂದ ಉತ್ತರಗಳನ್ನು ಎಣಿಸಿ. ಒಂದು ಶೀಟ್‌ನಲ್ಲಿ ತಾರೀಕು, ಯಾರಿಗೆ, ಸಬ್ಜೆಕ್ಟ್, ಉತ್ತರ ಬಂತೇ ಎಂಬ ನಾಲ್ಕು ಕಾಲಂ ಇರಲಿ. ಇಪ್ಪತ್ತು ಸಾಲು ತುಂಬಿದ ಮೇಲೆ ಉತ್ತರ ಬಂದ ಸಬ್ಜೆಕ್ಟ್‌ಗಳನ್ನು ಒಟ್ಟಿಗೆ ಓದಿ, ನಿಮ್ಮ ಕ್ಷೇತ್ರದಲ್ಲಿ ಏನು ಓಡುತ್ತದೆ ಎಂದು ತಿಳಿಯುತ್ತದೆ.

ಎರಡನೆಯದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಮೂರನೆಯದು ಬಂದಾಗ ಬೇಸತ್ತವರು `Report spam` ಒತ್ತುತ್ತಾರೆ. ಒಮ್ಮೆ ಒತ್ತಿದರೆ ಮುಂದೆ ನೀವು ಆ ಇನ್‌ಬಾಕ್ಸ್‌ಗೆ ಕಳಿಸುವ ಒಳ್ಳೆಯ ಮೇಲ್ ಕೂಡ ಸ್ಪ್ಯಾಮ್ ಫೋಲ್ಡರ್‌ಗೇ ಬೀಳುವ ಸಂಭವ ಹೆಚ್ಚು. ಬ್ಯಾಟರಿ ಮಾಡುವ ಕಂಪನಿ ಬೆಂಗಳೂರಿನಲ್ಲಿ ಒಂದೇ ಅಲ್ಲ. ಮುಂದಿನ ಹೆಸರು ತೆಗೆದುಕೊಳ್ಳಿ, ಅವರ ಕೆಲಸ ಓದಿ, ಹೊಸ ಸಾಲು ಬರೆಯಿರಿ.